ಹದಿನಾರನೆಯ ಮೀಟರು

ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಊರೂರಿಗೆ ಹೋಗಿ ರಸ್ತೆ ಸುರಕ್ಷತೆಯನ್ನು ಕುರಿತು ಬೀದಿ ನಾಟಕಗಳನ್ನು ಆಡುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕೆಲವರು ಆಡಿಯೂ ಇರಬಹುದು. ಇಂಥ ನಾಟಕಗಳ ಕಥೆ ಸಾಮಾನ್ಯವಾಗಿ ಒಂದೇ. ಒಬ್ಬ ಯುವಕ ಶಿರಸ್ತ್ರಾಣವಿಲ್ಲದೆ ಗಾಡಿ ಏರುತ್ತಾನೆ, ಬೀಳುತ್ತಾನೆ, ತಾಯಿ ಗೋಳಾಡುತ್ತಾಳೆ, ಯಮಧರ್ಮರಾಯ ಕೋಣದ ಮೇಲೆ ಬಂದು ಲೆಕ್ಕ ಓದುತ್ತಾನೆ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಘೋಷಣೆ ಕೂಗುತ್ತಾರೆ. ನೋಡಿದವರು ಚಪ್ಪಾಳೆ ತಟ್ಟಿ, ಬಂದ ಗಾಡಿಯನ್ನೇ ಏರಿ, ಬಂದ ವೇಗದಲ್ಲಿಯೇ ಮನೆಗೆ ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ಬಿದ್ದರೆ ಸಾಯುತ್ತೇವೆಂಬುದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ ಒಂದು ಸಂಗತಿಯನ್ನೂ ನಾಟಕ ಅವರಿಗೆ ತಿಳಿಸಲಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಇವರೆಲ್ಲರೂ ತಿಳಿದೂ ತಿಳಿದೂ ಸಾಯಲು ಹೊರಟವರೆಂದು ಯಾರೂ ಹೇಳಲಾರರು. ಬಹುಮಟ್ಟಿಗೆ ಪ್ರತಿಯೊಬ್ಬನೂ 'ಬೇಕೆಂದಾಗ ನಿಲ್ಲಿಸಬಲ್ಲೆ' ಎಂದು ನಂಬಿದ್ದವನೇ. ಆ ನಂಬಿಕೆ ಎಷ್ಟು ಮೀಟರುಗಳಷ್ಟು ತಪ್ಪು ಎಂಬುದನ್ನು ತೋರಿಸುವ ನಾಟಕವೊಂದನ್ನು ನಾವು ಕಳೆದ ವರ್ಷ ನಮ್ಮ ವಿದ್ಯಾರ್ಥಿಗಳೊಡನೆ ಕುಳಿತು ರಚಿಸಿದೆವು. ಅದು ಹೇಗೆ ರೂಪುಗೊಂಡಿತು, ಎಲ್ಲಿ ಕೆಟ್ಟಿತು, ಹೇಗೆ ತಿದ್ದಿಕೊಂಡೆವು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಅದರ ಒಡಲಿನಲ್ಲಿರುವ ಲೆಕ್ಕವನ್ನು ನೋಡೋಣ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 8.3 ಮೀಟರು ಸಾಗುತ್ತದೆ. ಎದುರಿಗೆ ಮಗುವೊಂದು ಬಂದಿತೆನ್ನಿ. ಅದನ್ನು ಕಣ್ಣು ಕಾಣಬೇಕು, ಕಂಡದ್ದು ಮಗುವೆಂದು ಮನಸ್ಸು ಗುರುತಿಸಬೇಕು, ನಿಲ್ಲಿಸಬೇಕೆಂದು ನಿಶ್ಚಯಿಸಬೇಕು, ಕೈಕಾಲುಗಳು ಬ್ರೇಕಿನ ಕಡೆಗೆ ಚಲಿಸಬೇಕು. ಇಷ್ಟಕ್ಕೆ ಎಚ್ಚರದಿಂದಿರುವ ಸವಾರನಿಗೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಆ ಸೆಕೆಂಡಿನಲ್ಲಿ ಗಾಡಿ ಒಂದಿಷ್ಟೂ ನಿಧಾನವಾಗದೆ 8.3 ಮೀಟರು ಮುಂದೆ ಹೋಗಿರುತ್ತದೆ. ಇದನ್ನು 'ಯೋಚನೆಯ ದೂರ' ಎಂದು ಕರೆಯೋಣ.

ಬ್ರೇಕು ಹಿಡಿದ ಮೇಲೆ ಸಾಗುವ ದೂರ ಬೇರೆ. ಬೀಳುವ ಕಲ್ಲಿನ ವೇಗ ಸೆಕೆಂಡಿಗೆ 9.8 ಮೀಟರಿನಂತೆ ಹೆಚ್ಚುತ್ತ ಹೋಗುವುದೆಂದು ವಿದ್ಯಾರ್ಥಿಗಳು ಬಲ್ಲರು. ಒಣಗಿದ ಡಾಂಬರು ರಸ್ತೆಯಲ್ಲಿ ಸಾಮಾನ್ಯ ಸವಾರನೊಬ್ಬ ಗಾಬರಿಯಲ್ಲಿ ಬ್ರೇಕು ಹಿಡಿದರೆ ಗಾಡಿಯ ವೇಗ ಅದರ ಸುಮಾರು ಅರ್ಧದಷ್ಟು, ಎಂದರೆ ಸೆಕೆಂಡಿಗೆ 5 ಮೀಟರಿನಂತೆ, ಕಡಮೆಯಾಗುವುದೆಂದು ನಾವು ಇಟ್ಟುಕೊಂಡೆವು. ಒಳ್ಳೆಯ ಟಯರು, ಪಳಗಿದ ಕೈ ಇದ್ದರೆ ಇದಕ್ಕಿಂತ ಬೇಗ ನಿಲ್ಲಬಹುದು. ಹಿಂದಿನ ಚಕ್ರದ ಬ್ರೇಕನ್ನು ಮಾತ್ರ ತುಳಿಯುವ ಅಭ್ಯಾಸವಿದ್ದರೆ ಇಷ್ಟೂ ಆಗದು. ಏಕೆಂದರೆ ನಿಧಾನಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ವಾಲಿ, ಹಿಂದಿನ ಚಕ್ರ ಹಗುರವಾಗಿ, ನೆಲದ ಮೇಲೆ ಜಾರತೊಡಗುತ್ತದೆ. ವೇಗದ ವರ್ಗವನ್ನು, ನಿಧಾನಿಸುವ ದರದ ಎರಡರಷ್ಟರಿಂದ ಭಾಗಿಸಿದರೆ ಬ್ರೇಕಿನ ದೂರ ಬರುತ್ತದೆ. 8.3ರ ವರ್ಗ ಸುಮಾರು 69. ಅದನ್ನು 10ರಿಂದ ಭಾಗಿಸಿದರೆ 6.9 ಮೀಟರು. ಎರಡೂ ಸೇರಿ ಸುಮಾರು 15 ಮೀಟರು.

ಈಗ ಅದೇ ಗಾಡಿ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರಲಿ. ಯೋಚನೆಯ ದೂರ ಇಮ್ಮಡಿಯಾಗಿ 16.7 ಮೀಟರಾಗುತ್ತದೆ. ಬ್ರೇಕಿನ ದೂರವಾದರೋ ವರ್ಗದ ನಿಯಮಕ್ಕೆ ಒಳಪಟ್ಟದ್ದು. ಅದು ನಾಲ್ಮಡಿಯಾಗಿ ಸುಮಾರು 28 ಮೀಟರು. ಒಟ್ಟು 45 ಮೀಟರಿಗೆ ಸ್ವಲ್ಪ ಕಡಮೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಈ 15 ಮತ್ತು 45ನ್ನು ಹೋಲಿಸಿ, 'ಮೂರರಷ್ಟು' ಎಂದು ಹೇಳಿ ಬಿಟ್ಟುಬಿಡುತ್ತಾರೆ. ಆದರೆ ನಾಟಕಕ್ಕೆ ಬೇಕಾದ ಸಂಗತಿ ಅಲ್ಲಿಲ್ಲ, ಅದರ ಪಕ್ಕದಲ್ಲಿದೆ. ಮಗು 16ನೆಯ ಮೀಟರಿನಲ್ಲಿ ನಿಂತಿದೆಯೆಂದು ಭಾವಿಸಿರಿ. 30ರ ಸವಾರ ಅದರಿಂದ ಒಂದು ಹೆಜ್ಜೆ ಈಚೆಗೆ ನಿಂತುಬಿಟ್ಟಿದ್ದಾನೆ. 60ರ ಸವಾರ ಆ ಸ್ಥಳಕ್ಕೆ ಬರುವಾಗ ಇನ್ನೂ ಯೋಚಿಸುತ್ತಿದ್ದಾನೆ. ಬ್ರೇಕನ್ನು ಅವನು ಮುಟ್ಟಿಯೇ ಇಲ್ಲ! ಮಗುವಿಗೆ ಬಡಿಯುವುದು ಪೂರ್ತಿ 60 ಕಿಲೋಮೀಟರಿನ ವೇಗ. ಬ್ರೇಕು ಎಷ್ಟು ಒಳ್ಳೆಯದಾಗಿದ್ದರೂ ಈ ಸವಾರನಿಗೆ ಅದರಿಂದ ಪ್ರಯೋಜನವಿಲ್ಲ.

ಇದನ್ನು ಕರಿಹಲಗೆಯ ಮೇಲೆ ಬರೆದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಆ ಮೌನವನ್ನು ಸಂತೆಮೈದಾನಕ್ಕೆ ಹೇಗೆ ಒಯ್ಯುವುದು ಎಂಬುದೇ ಅನಂತರದ ಎರಡು ವಾರಗಳ ನಮ್ಮ ಕೆಲಸವಾಯಿತು.

ರಂಗಮಂಟಪವಿಲ್ಲದ ಕಡೆ ಜನ ತಾವಾಗಿಯೇ ವೃತ್ತಾಕಾರವಾಗಿ ನಿಲ್ಲುತ್ತಾರೆ. ಈ ವೃತ್ತ ಬಲು ಉಪಕಾರಿ. ನಡುವೆ 3 ಮೀಟರು ತ್ರಿಜ್ಯದ ಜಾಗವನ್ನು ಆಟಕ್ಕೆ ಬಿಟ್ಟರೆ, ಅದರ ಸುತ್ತಳತೆ ಸುಮಾರು 19 ಮೀಟರು. ಒಬ್ಬೊಬ್ಬರಿಗೆ ಅರ್ಧ ಮೀಟರಿನಂತೆ ಮೊದಲ ಸಾಲಿನಲ್ಲಿಯೇ 37 ಜನ ಹಿಡಿಯುತ್ತಾರೆ. ಹಿಂದಿನ ಸಾಲುಗಳು ಇನ್ನೂ ಉದ್ದ. ನಾಲ್ಕು ಸಾಲಾದಾಗ ಹೆಚ್ಚುಕಡಮೆ 190 ಜನ ಸೇರಿರುತ್ತಾರೆ. ಆದರೂ ಕೊನೆಯವನು ನಡುಬಿಂದುವಿನಿಂದ 5 ಮೀಟರು ದೂರದಲ್ಲಿ ಮಾತ್ರ ಇರುತ್ತಾನೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುವುದರಿಂದ, ಧ್ವನಿವರ್ಧಕವಿಲ್ಲದ ನಟನಿಗೆ ಈ ಹತ್ತಿರ ಬಹು ದೊಡ್ಡ ಆಸರೆ. ಮೊದಲ ಎರಡು ಸಾಲು ಕುಳಿತರೆ ಎಲ್ಲರಿಗೂ ಕಾಣಿಸುತ್ತದೆ.

ವೃತ್ತದ ತೊಡಕೆಂದರೆ ನಟನ ಬೆನ್ನು ಯಾವಾಗಲೂ ಅರ್ಧ ಜನರ ಕಡೆಗಿರುವುದು. ಬೆನ್ನ ಹಿಂದಿನವರಿಗೆ ಧ್ವನಿ ಕೇಳಿಸೀತು, ಆದರೆ ಮಾತು ತಿಳಿಯದು. ಸ್ವರಗಳ ತಗ್ಗಿದ ನಾದ ತಲೆಯನ್ನು ಬಳಸಿಕೊಂಡು ಹಿಂದಕ್ಕೂ ಹರಿಯುತ್ತದೆ; ಸ, ಶ, ತ, ಕ ಮೊದಲಾದ ವ್ಯಂಜನಗಳಲ್ಲಿರುವ ಎತ್ತರದ ನಾದ ಬಾಯಿಯ ನೇರಕ್ಕೇ ಹೆಚ್ಚಾಗಿ ಹೋಗುತ್ತದೆ. ಮಾತನ್ನು ಮಾತಿನಿಂದ ಬೇರ್ಪಡಿಸಿ ತೋರಿಸುವವು ಈ ವ್ಯಂಜನಗಳೇ. ಆದಕಾರಣ ಮುಖ್ಯವಾದ ಸಂಖ್ಯೆಯನ್ನು ಒಬ್ಬನ ಬಾಯಿಗೆ ಬಿಡಕೂಡದು. ಅವನು ಹೇಳಿದ ಕೂಡಲೇ, ನಾಲ್ಕು ದಿಕ್ಕಿಗೆ ಮುಖಮಾಡಿ ನಿಂತ ಮೇಳ ಅದನ್ನು ಮತ್ತೆ ಹೇಳಬೇಕು. ಬೀದಿ ನಾಟಕದಲ್ಲಿ ಮೇಳ ಪದೇ ಪದೇ ಹೇಳುವುದು ಅಲಂಕಾರಕ್ಕೆಂದು ಕೆಲವರು ಭಾವಿಸುತ್ತಾರೆ. ಅದು ಬೆನ್ನ ಹಿಂದಿನವರಿಗಾಗಿ.

ಇನ್ನೊಂದು ತೊಡಕು ಈ ನಾಟಕಕ್ಕೇ ವಿಶೇಷವಾದದ್ದು. ಆಟದ ಜಾಗದ ಅಡ್ಡಳತೆ 6 ಮೀಟರು. ತೋರಿಸಬೇಕಾದ ದೂರ 45 ಮೀಟರು. ವಿದ್ಯಾರ್ಥಿಗಳು ಮೊದಲು ಅಳತೆಯನ್ನು ಕುಗ್ಗಿಸಿ, ಒಂದು ಹೆಜ್ಜೆಗೆ ಹತ್ತು ಮೀಟರೆಂದು ಘೋಷಿಸಿ ಆಡಿ ನೋಡಿದರು. ಕಾಲೇಜಿನ ಅಂಗಳದಲ್ಲಿ ಅಡುಗೆಯವರೂ ತೋಟದವರೂ ನಿಂತು ನೋಡಿದರು. ಯಾರಿಗೂ ಏನೂ ಅನ್ನಿಸಲಿಲ್ಲ. ನಾಲ್ಕು ಹೆಜ್ಜೆ ನಾಲ್ಕು ಹೆಜ್ಜೆಯಾಗಿಯೇ ಕಾಣುತ್ತದೆ, ಅದಕ್ಕೆ ಏನು ಹೆಸರಿಟ್ಟರೂ ಅಷ್ಟೇ. ದೂರವನ್ನು ದೂರವಾಗಿಯೇ ತೋರಿಸಬೇಕಾಗಿತ್ತು. ಆಗ ಒಬ್ಬ ಹುಡುಗಿ, ಬಾವಿಯ ಹಗ್ಗವನ್ನು ತಂದು, ಜನರ ನಡುವಿನಿಂದಲೇ ಹೊರಕ್ಕೆ ಎಳೆದುಕೊಂಡು ಹೋದರೆ ಹೇಗೆ ಎಂದಳು. ನಾಟಕ ಸಿಕ್ಕಿದ್ದು ಆ ಕ್ಷಣದಲ್ಲಿ.

ನಾವು ಎರಡು ಹಗ್ಗಗಳನ್ನು ಸಿದ್ಧಪಡಿಸಿದೆವು. ಮೊದಲನೆಯದು 15 ಮೀಟರು: ಅದರಲ್ಲಿ 8 ಮೀಟರಿಗೆ ಬಿಳಿಯ ಬಟ್ಟೆ ಸುತ್ತಿದೆ, ಉಳಿದ 7 ಮೀಟರಿಗೆ ಕೆಂಪು. ಎರಡನೆಯದು 45 ಮೀಟರು: 17 ಮೀಟರು ಬಿಳಿ, 28 ಮೀಟರು ಕೆಂಪು. ಬಿಳಿ ಯೋಚನೆಗೆ, ಕೆಂಪು ಬ್ರೇಕಿಗೆ. ಮೀಟರಿಗೊಂದು ಗಂಟು. ಹಗ್ಗ ಒದ್ದೆಯಾದರೆ ಉದ್ದ ವ್ಯತ್ಯಾಸವಾಗುವುದರಿಂದ ಪ್ರದರ್ಶನದ ದಿನ ಬೆಳಿಗ್ಗೆ ಮತ್ತೆ ಅಳೆಯತಕ್ಕದ್ದು. ವೃತ್ತದಲ್ಲಿ ಒಂದು ಕಡೆ ಎರಡಾಳು ಅಗಲದ ಬಾಯಿಯನ್ನು ಬಿಟ್ಟು, ಹಗ್ಗ ಅದರ ಮೂಲಕ ಮೈದಾನಕ್ಕೆ ಹೋಗುವಂತೆ ಮಾಡಿದೆವು. ಮೋಟಾರು ಸೈಕಲ್ಲನ್ನು ತರಲಿಲ್ಲ. ಇಬ್ಬರು ಮುಂದೆ ಬಗ್ಗಿ ಕೈಗಳನ್ನು ಚಾಚಿದರೆ ಹಿಡಿಯಾಗುತ್ತದೆ, ಒಂದು ಊಟದ ತಟ್ಟೆ ದೀಪವಾಗುತ್ತದೆ, ಮೇಳದ ಬಾಯಿ ಎಂಜಿನ್ನಾಗುತ್ತದೆ. ಜನ ನಾಟ್ಯ ಮಂಚ್ ತಂಡದವರು 1978ರಲ್ಲಿ 'ಮಷೀನ್' ಎಂಬ ಕಿರುನಾಟಕದಲ್ಲಿ ನಟರ ಮೈಗಳಿಂದಲೇ ಯಂತ್ರವನ್ನು ಕಟ್ಟಿ ತೋರಿಸಿದ್ದರು. ಆ ದಾರಿಯನ್ನು ನಮ್ಮವರು ಹಿಡಿದರು.

ನಾಟಕ ಆರಂಭವಾಗುವುದು ಒಂದು ಪಂದ್ಯದಿಂದ. ಹತ್ತು ರೂಪಾಯಿಯ ನೋಟನ್ನು ಮೇಲ್ತುದಿಯಲ್ಲಿ ಹಿಡಿದು ತೂಗಬಿಟ್ಟು, ಪ್ರೇಕ್ಷಕನೊಬ್ಬನ ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಅದರ ನಡುಭಾಗಕ್ಕೆ ತಾಗದಂತೆ ಇರಿಸಿ, ಹೇಳದೆ ಕೇಳದೆ ಬಿಟ್ಟುಬಿಡುವುದು. ನೋಟಿನ ಉದ್ದ 12 ಸೆಂಟಿಮೀಟರಿಗೆ ತುಸು ಹೆಚ್ಚು. ಬೆರಳಿನಿಂದ ಮೇಲಿರುವ ಅರ್ಧ, ಎಂದರೆ 6 ಸೆಂಟಿಮೀಟರು, ಬಿದ್ದುಹೋಗಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಕಣ್ಣಿನಿಂದ ಬೆರಳಿಗೆ ಅಪ್ಪಣೆ ಬರುವಷ್ಟರಲ್ಲಿ ನೋಟು ನೆಲದ ಮೇಲಿರುತ್ತದೆ. ಯಾರಾದರೂ ಊಹೆಯಿಂದ ಮುಂಚೆಯೇ ಬೆರಳು ಮುಚ್ಚಿ ಗೆದ್ದರೆ ನೋಟನ್ನು ಕೊಟ್ಟುಬಿಡಬೇಕು. ಮೋಸ ಮಾಡಿದರೆಂಬ ಮಾತು ಬಂದರೆ ಮುಂದಿನ ನಾಟಕವನ್ನು ಯಾರೂ ನಂಬರು. ಈ ಪಂದ್ಯ ಜನರನ್ನು ಸೇರಿಸುತ್ತದೆ, ನಾಟಕದ ಮೊದಲ ಪ್ರಮೇಯವನ್ನೂ ಸಿದ್ಧಪಡಿಸುತ್ತದೆ.

ಮುಖ್ಯ ಭಾಗಗಳನ್ನು ಇಲ್ಲಿ ಕೊಡುತ್ತೇವೆ. ಆಡುವಾಗ ಆಯಾ ಊರಿನ ಮಾತಿಗೆ ಬದಲಿಸಿಕೊಳ್ಳಬಹುದು.

(ತಮಟೆ. ನಾಲ್ವರು ಮೇಳದವರು ನಾಲ್ಕು ದಿಕ್ಕಿಗೆ ನಿಲ್ಲುವರು.)

ತಮಟೆಯವ: ಹತ್ತು ರೂಪಾಯಿ! ಹಿಡಿದವರದ್ದೇ ನೋಟು!

ಮೇಳ: ಹಿಡಿದವರದ್ದೇ ನೋಟು!

ತಮಟೆಯವ: ಬನ್ನಿ ಅಣ್ಣಾ. ನಾನು ಬಿಡ್ತೀನಿ, ನೀವು ಹಿಡೀಬೇಕು. ಕಣ್ಣು ನೋಟಿನ ಮೇಲೇ ಇದೆ ತಾನೇ?

(ಬಿಡುವನು. ನೋಟು ಬೀಳುವುದು. ಮೂರು ನಾಲ್ಕು ಜನರೊಡನೆ ಹೀಗೆಯೇ.)

ತಮಟೆಯವ: ನೋಡ್ತಾ ಇದ್ರಿ. ಬೀಳ್ತದೆ ಅಂತ ಗೊತ್ತಿತ್ತು. ಬೆರಳು ಪಕ್ಕದಲ್ಲೇ ಇತ್ತು. ಆದ್ರೂ ಹೋಯ್ತು! ಹಾಗಾದ್ರೆ ಗೊತ್ತೇ ಇಲ್ಲದ್ದು ಎದುರಿಗೆ ಬಂದ್ರೆ?

ಮೇಳ: ಗೊತ್ತೇ ಇಲ್ಲದ್ದು ಎದುರಿಗೆ ಬಂದ್ರೆ?

(ಎಂಜಿನ್ನಿನ ಸದ್ದು. ಶಿವು, ಮಂಜ ಗಾಡಿಗಳ ಮೇಲೆ ಬರುವರು.)

ಮಂಜ: ಏನೋ ಶಿವು, ಮೂವತ್ತರಲ್ಲಿ ಹೋಗ್ತಿದ್ದೀಯಾ! ಎತ್ತಿನ ಗಾಡಿನೂ ನಿನ್ನ ದಾಟಿ ಹೋಗ್ತದೆ ಕಣೋ.

ಶಿವು: ಊರೊಳಗೆ ಇದೀವಿ ಕಣೋ. ಶಾಲೆ ಬಿಡೋ ಹೊತ್ತು.

ಮಂಜ: ನನ್ನ ಬ್ರೇಕು ಹೊಸದು. ಅರವತ್ತರಲ್ಲಿ ಹೋದ್ರೂ ಹಿಡಿದ ಜಾಗದಲ್ಲೇ ನಿಲ್ತದೆ.

ಅಜ್ಜಿ: (ಜನರ ನಡುವಿನಿಂದ ಎದ್ದು) ಹಿಡಿದ ಜಾಗದಲ್ಲಿ ನಿಲ್ತದೆ ಸರಿ ಮಗಾ. ಹಿಡಿಯೋದು ಯಾವ ಜಾಗದಲ್ಲಿ?

(ಮೌನ. ತಮಟೆಯ ಒಂದೇ ಪೆಟ್ಟು. ಶಿವುವಿನ ಹಗ್ಗದ ತುದಿಯನ್ನು ಹಿಡಿದು ಒಬ್ಬಳು ಜನರ ನಡುವಿನ ಬಾಯಿಯಿಂದ ಹೊರಕ್ಕೆ ನಡೆಯುವಳು. ಮೇಳ ಮೀಟರುಗಳನ್ನು ಎಣಿಸುವುದು.)

ಮೇಳ: ಒಂದು, ಎರಡು, ಮೂರು... ಎಂಟು! ಇನ್ನೂ ಯೋಚನೆ. ಬ್ರೇಕು ಮುಟ್ಟಿಲ್ಲ!

ತಮಟೆಯವ: ಈಗ ಕೆಂಪು. ಈಗ ಬ್ರೇಕು.

ಮೇಳ: ಒಂಬತ್ತು, ಹತ್ತು... ಹದಿನೈದು. ನಿಂತಿತು!

(ಹದಿನಾರನೆಯ ಮೀಟರಿನಲ್ಲಿ ಪುಟ್ಟಿ ತನ್ನ ಚಪ್ಪಲಿಗಳನ್ನು ಬಿಟ್ಟು, ಪಕ್ಕಕ್ಕೆ ಸರಿದು ನಿಲ್ಲುವಳು.)

ಪುಟ್ಟಿ: ನಾನು ಇಲ್ಲಿದ್ದೆ. ಶಿವಣ್ಣ ನನ್ನ ಬೈದ. 'ನೋಡ್ಕೊಂಡು ಓಡಾಡಬಾರದಾ' ಅಂದ. ನಾನು ಮನೆಗೆ ಹೋದೆ.

ಅಜ್ಜಿ: ಈಗ ನಿನ್ನ ಹಗ್ಗ ಬಿಡು ಮಂಜಾ.

(ಎರಡನೆಯ ಹಗ್ಗ ಹೊರಡುವುದು. ಈ ಸಲ ಪ್ರೇಕ್ಷಕರೇ ಗಂಟಿಗೊಬ್ಬರಂತೆ ಅದನ್ನು ಹಿಡಿಯುವರು.)

ಮೇಳ: ಏಳು, ಎಂಟು... ಬಿಳಿ! ಹನ್ನೆರಡು, ಹದಿಮೂರು... ಇನ್ನೂ ಬಿಳಿ! ಹದಿನೈದು, ಹದಿನಾರು...

(ಎಣಿಕೆ ನಿಲ್ಲುವುದು. ಹಗ್ಗ ಚಪ್ಪಲಿಗಳ ಮೇಲೆ ಇದೆ. ಎಲ್ಲರಿಗೂ ಕಾಣುವಂತೆ ಅದು ಬಿಳಿಯದಾಗಿದೆ.)

ತಮಟೆಯವ: (ಹದಿನಾರನೆಯ ಗಂಟನ್ನು ಹಿಡಿದವರಿಗೆ) ಅಣ್ಣಾ, ನಿಮ್ಮ ಕೈಲಿರೋ ಬಣ್ಣ ಯಾವುದು?

(ಅವರು ಹೇಳುವವರೆಗೆ ಕಾಯುವನು.)

ತಮಟೆಯವ: ಹೊಸ ಬ್ರೇಕು ಎಲ್ಲಿದೆ ಮಂಜಾ?

(ಮಂಜ ಉತ್ತರ ಕೊಡುವುದಿಲ್ಲ. ಉಳಿದ ಹಗ್ಗವನ್ನು ತಾನೇ ಎತ್ತಿಕೊಂಡು, ಎಣಿಸುತ್ತ, ನಲವತ್ತೈದರವರೆಗೆ ಒಬ್ಬನೇ ನಡೆಯುವನು.)

ಈ ಕೊನೆಯ ನಡಿಗೆಗೆ ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಆಗ ಮಾತಾಗಲಿ ತಮಟೆಯಾಗಲಿ ಇರಕೂಡದು. ಮೊದಲ ಪ್ರದರ್ಶನದಲ್ಲಿ ಹುಡುಗರಿಗೆ ಆ ಮೌನವನ್ನು ತಡೆಯಲಾಗದೆ ಒಂದು ಶೋಕದ ಹಾಡನ್ನು ತುಂಬಿದರು. ಜನ ಕೂಡಲೇ ಒಬ್ಬರೊಡನೊಬ್ಬರು ಮಾತನಾಡತೊಡಗಿದರು. ಪುಟ್ಟಿ ಬಿದ್ದು ಹೊರಳಾಡುವ ದೃಶ್ಯವೂ ಮೊದಲು ಇತ್ತು. ಕೆಂಪು ನೀರು, ಚೀರಾಟ, ಎಲ್ಲವೂ. ಮುಂದೆ ಕುಳಿತಿದ್ದ ಹುಡುಗರು ನಕ್ಕರು. ಮೂರು ಅಡಿ ದೂರದಲ್ಲಿ, ಹಗಲಿನ ಬೆಳಕಿನಲ್ಲಿ, ಬಣ್ಣದ ನೀರು ಬಣ್ಣದ ನೀರಾಗಿಯೇ ಕಾಣುವುದು. ಅದಕ್ಕೆ ನಕ್ಕವರದು ತಪ್ಪಲ್ಲ. ಚಪ್ಪಲಿ ಮಾತ್ರ ನಿಜವಾದ ಚಪ್ಪಲಿ. ಆದ್ದರಿಂದ ಅದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ತೆಗೆದುಹಾಕಿದೆವು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ನಮ್ಮ ವಿದ್ಯಾರ್ಥಿಗಳೂ ಎತ್ತಿದರು. ಊರೊಳಗೆ 60ರಲ್ಲಿ ಹೋಗುವವನು ಪುಂಡನೆಂದು ಎಲ್ಲರೂ ಒಪ್ಪುತ್ತಾರೆ. ತಾನು ಅವನಲ್ಲವೆಂದು ಪ್ರತಿಯೊಬ್ಬ ಪ್ರೇಕ್ಷಕನೂ ಸಮಾಧಾನಪಟ್ಟುಕೊಳ್ಳುತ್ತಾನೆ. 40ರಲ್ಲಿ ಹೋಗುವವನ ಗತಿಯೇನು? ಲೆಕ್ಕ ಹಾಕಿ ನೋಡೋಣ. 40 ಕಿಲೋಮೀಟರೆಂದರೆ ಸೆಕೆಂಡಿಗೆ 11.1 ಮೀಟರು. 16ನೆಯ ಮೀಟರನ್ನು ಮುಟ್ಟುವಾಗ ಅವನು 11.1 ಮೀಟರು ಯೋಚನೆಯಲ್ಲಿ ಕಳೆದು, 4.9 ಮೀಟರು ಮಾತ್ರ ಬ್ರೇಕು ಹಿಡಿದಿರುತ್ತಾನೆ. 11.1ರ ವರ್ಗ ಸುಮಾರು 123. ಅದರಿಂದ 10ರ 4.9ರಷ್ಟು, ಎಂದರೆ 49ನ್ನು ಕಳೆದರೆ 74. ಅದರ ವರ್ಗಮೂಲ 8.6. ಸೆಕೆಂಡಿಗೆ 8.6 ಮೀಟರೆಂದರೆ ಗಂಟೆಗೆ 31 ಕಿಲೋಮೀಟರು. 30ರವನು ಪೂರ್ತಿಯಾಗಿ ನಿಂತಿರುವ ಸ್ಥಳದ ಪಕ್ಕದಲ್ಲಿ 40ರವನು ಇನ್ನೂ 31ರ ವೇಗದಿಂದ ಮಗುವಿಗೆ ಬಡಿಯುತ್ತಾನೆ. ಹತ್ತು ಕಿಲೋಮೀಟರು ಹೆಚ್ಚು ಹೋದದ್ದಕ್ಕೆ ಹತ್ತು ಉಳಿಯಲಿಲ್ಲ, ಮೂವತ್ತೊಂದು ಉಳಿಯಿತು!

ನಮಗೆ ತೋರುವಂತೆ ಇದು 60ರ ಸಂಗತಿಗಿಂತ ಹೆಚ್ಚು ಭಯಂಕರವಾದದ್ದು, ಏಕೆಂದರೆ ಇದು ನಮ್ಮೆಲ್ಲರ ಸಂಗತಿ. ಆದರೆ ಇದನ್ನು ಹಗ್ಗದಲ್ಲಿ ತೋರಿಸಲು ಬರುವುದಿಲ್ಲ. ಆ ಸ್ಥಳದಲ್ಲಿ ಹಗ್ಗ ಕೆಂಪಾಗಿರುತ್ತದೆ, ಕೆಂಪಿನಲ್ಲಿ ಎಷ್ಟು ವೇಗ ಉಳಿದಿದೆಯೆಂಬುದು ಕಣ್ಣಿಗೆ ಕಾಣದು. ನಡುದಾರಿಯೊಂದನ್ನು ಹಿಡಿದೆವು. ನಾಟಕದಲ್ಲಿ 60ನ್ನೇ ಉಳಿಸಿ, ಮಂಜ ನಡೆದು ಹಿಂದಿರುಗಿದ ಮೇಲೆ ಅಜ್ಜಿಯ ಬಾಯಿಂದ ಒಂದು ಪ್ರಶ್ನೆ ಕೇಳಿಸಿದೆವು: 'ನಲವತ್ತರಲ್ಲಿ ಬಂದಿದ್ರೆ ಉಳಿಸ್ತಿದ್ದೆಯಾ ಮಗಾ?' ಅದಕ್ಕೆ ಮಂಜ, 'ಆಗ್ಲೂ ಶಿವು ಬರೋ ವೇಗದಲ್ಲೇ ಹೊಡೀತಿದ್ದೆ ಅಜ್ಜಿ' ಎನ್ನುತ್ತಾನೆ. ಮೇಳ ಅದನ್ನು ಎರಡು ಸಲ ಹೇಳುತ್ತದೆ. ಲೆಕ್ಕವನ್ನು ವಿವರಿಸುವುದಿಲ್ಲ. ನಾಟಕ ಮುಗಿದ ಮೇಲೆ ಕೇಳುವವರು ಇದ್ದೇ ಇರುತ್ತಾರೆ. ಭೌತಶಾಸ್ತ್ರದ ಇಬ್ಬರು ವಿದ್ಯಾರ್ಥಿಗಳು ಒಂದು ಹಲಗೆಯೊಡನೆ ಅದಕ್ಕಾಗಿಯೇ ಕಾದಿರುತ್ತಾರೆ.

ಬಡಿತದ ಬಲವನ್ನು ತಿಳಿಸಲು ಒಂದು ಹೋಲಿಕೆಯನ್ನು ಮಾತ್ರ ಇಟ್ಟುಕೊಂಡೆವು. ಗಂಟೆಗೆ 30 ಕಿಲೋಮೀಟರು ವೇಗ ಬರಬೇಕಾದರೆ ವಸ್ತುವೊಂದು ಸುಮಾರು 3.5 ಮೀಟರು ಎತ್ತರದಿಂದ ಬೀಳಬೇಕು. 60ರ ವೇಗ ಬರಲು 14 ಮೀಟರು. ಮೊದಲನೆಯದು ಮನೆಯ ಮಾಳಿಗೆ. ಎರಡನೆಯದಕ್ಕೆ ಮೈದಾನದ ಅಂಚಿನ ತೆಂಗಿನ ಮರವನ್ನು ತೋರಿಸಿದರೆ ಸಾಕಾಯಿತು.

ನಾಟಕದ ಎರಡನೆಯ ಭಾಗಕ್ಕೆ ಕಾರಣವಾದದ್ದು ವೃತ್ತವೇ. ರಸ್ತೆಯಲ್ಲಿ ಯಾರಾದರೂ ಬಿದ್ದರೆ ಜನ ಸೇರುವ ಬಗೆಯೂ ಹೀಗೆಯೇ: ನಡುವೆ ಖಾಲಿ ಜಾಗ, ಸುತ್ತ ನಾಲ್ಕು ಸಾಲು, ಹಿಂದಿನವರು ಇಣುಕುವುದು. ನಾಟಕ ನೋಡಲು ನಿಂತವರು ತಮಗರಿಯದೆಯೇ ಆ ದೃಶ್ಯದ ಪಾತ್ರಧಾರಿಗಳಾಗಿ ನಿಂತಿದ್ದಾರೆ. ಇದನ್ನು ಬಳಸಿಕೊಳ್ಳದಿದ್ದರೆ ಹೇಗೆ? ಮಂಜ ಹಿಂದಿರುಗಿ ಬಂದು ನಡುವೆ ಮಲಗುತ್ತಾನೆ. ಯಾರೂ ಏನೂ ಮಾಡುವುದಿಲ್ಲ. ಜನರ ನಡುವೆ ಅಲ್ಲಲ್ಲಿ ನಿಂತ ನಟರು ಪಿಸುಮಾತನ್ನು ಆರಂಭಿಸುತ್ತಾರೆ.

ಒಬ್ಬ: ಯಾರೂ ಮುಟ್ಟಬೇಡ್ರಪ್ಪಾ. ಆಮೇಲೆ ಪೊಲೀಸು, ಕೋರ್ಟು ಅಂತ ಅಲೀಬೇಕಾಗ್ತದೆ.

ಇನ್ನೊಬ್ಬ: ಆಸ್ಪತ್ರೇಲಿ ನಮ್ಮ ಹತ್ರಾನೇ ದುಡ್ಡು ಕೇಳ್ತಾರೆ.

ಅಜ್ಜಿ: ನಾನು ಮುಟ್ತೀನಿ. ನನ್ನ ಹೆಸರು ಕೇಳಿದ್ರೆ?

ತಮಟೆಯವ: ಹೇಳಬೇಕಾಗಿಲ್ಲ ಅಜ್ಜೀ. ಕಾನೂನೇ ಹಾಗಿದೆ.

ಮೇಳ: ಹೆಸರು ಹೇಳಬೇಕಾಗಿಲ್ಲ! ಕಾನೂನೇ ಹಾಗಿದೆ!

ಇದು ನಾಟಕಕ್ಕಾಗಿ ಕಟ್ಟಿದ ಮಾತಲ್ಲ. 2019ರಲ್ಲಿ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮನ್ನು ಸೇರಿಸಲಾಯಿತು. ಅಪಘಾತಕ್ಕೊಳಗಾದವನಿಗೆ ಪ್ರತಿಫಲದ ಆಸೆಯಿಲ್ಲದೆ, ಸದ್ಭಾವನೆಯಿಂದ ನೆರವಾದವನ ಮೇಲೆ, ಆ ನೆರವಿನಲ್ಲಿ ಆದ ಲೋಪಕ್ಕಾಗಿ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ನಿಲ್ಲುವುದಿಲ್ಲ. ತನ್ನ ಹೆಸರು ವಿಳಾಸಗಳನ್ನು ತಿಳಿಸಬೇಕೆಂದು ಅವನನ್ನು ಒತ್ತಾಯಿಸುವಂತೆಯೂ ಇಲ್ಲ. ನಮ್ಮ ಪ್ರೇಕ್ಷಕರಲ್ಲಿ ಇದನ್ನು ಮೊದಲೇ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಆಮೇಲೆ ಅಜ್ಜಿ 108ಕ್ಕೆ ಕರೆಮಾಡುವಂತೆ ಎದುರಿಗಿರುವ ಒಬ್ಬ ಪ್ರೇಕ್ಷಕನನ್ನೇ ಬೆರಳು ಮಾಡಿ ತೋರಿಸಿ, 'ಕೆಂಪಂಗಿ ಹಾಕ್ಕೊಂಡಿರೋ ಅಣ್ಣಾ, ನೀವು ಕರೀರಿ' ಎನ್ನುತ್ತಾಳೆ. 'ಯಾರಾದರೂ ಕರೆಯಿರಿ' ಎಂದರೆ ಯಾರೂ ಕರೆಯುವುದಿಲ್ಲ. ನಾಲ್ಕೂರಿನಲ್ಲಿ ಇದನ್ನು ನಾವು ಆಡಿಯೇ ಕಂಡುಕೊಂಡೆವು. ಮಂಜನ ಕುತ್ತಿಗೆಯನ್ನು ಎಳೆದಾಡದೆ, ಜನರನ್ನು ಗಾಳಿಯಾಡುವಂತೆ ಹಿಂದಕ್ಕೆ ಸರಿಸುವುದರೊಡನೆ ವೃತ್ತ ಬಿಚ್ಚಿಕೊಳ್ಳುತ್ತದೆ, ನಾಟಕ ಮುಗಿಯುತ್ತದೆ. ಒಟ್ಟು ಅವಧಿ 20 ನಿಮಿಷ.

ಸ್ಥಳದ ಆಯ್ಕೆಯಲ್ಲಿ ನಾವು ಒಮ್ಮೆ ಎಡವಿದೆವು. ಜನ ಬೇಗ ಸೇರುತ್ತಾರೆಂಬ ಆಸೆಯಿಂದ ನಾಲ್ಕು ದಾರಿ ಕೂಡುವ ಕಡೆ ಆಡಲು ಹೊರಟಾಗ, ಮೂರನೆಯ ಸಾಲಿನವರ ಬೆನ್ನು ಓಡಾಡುವ ವಾಹನಗಳಿಗೆ ತಾಗುವಂತಾಯಿತು. ರಸ್ತೆ ಸುರಕ್ಷತೆಯ ನಾಟಕದಿಂದಲೇ ಅಪಘಾತವಾಗುವ ಸ್ಥಿತಿ! ಹತ್ತೇ ನಿಮಿಷಕ್ಕೆ ನಿಲ್ಲಿಸಿದೆವು. ಅಂದಿನಿಂದ ಸಂತೆಯಿಲ್ಲದ ದಿನದ ಸಂತೆಮೈದಾನ, ಶಾಲೆಯ ಅಂಗಳ, ಇಂಥ ಕಡೆಗಳಲ್ಲಿಯೇ, 50 ಮೀಟರು ಉದ್ದದ ಬಯಲನ್ನು ಮೊದಲು ಹೆಜ್ಜೆಯಲ್ಲಿ ಅಳೆದು, ಪೊಲೀಸರ ಅನುಮತಿ ಪಡೆದು ಆಡುತ್ತೇವೆ. ತಮಟೆ ಹೋಗಿ ಜನರನ್ನು ಕರೆತರುತ್ತದೆ.

ನಾಲ್ಕನೆಯ ಊರಿನಲ್ಲಿ, ನಾಟಕ ಮುಗಿದರೂ ಹಗ್ಗದ ಮೂವತ್ತನೆಯ ಗಂಟನ್ನು ಹಿಡಿದಿದ್ದ ಒಬ್ಬ ಹಿರಿಯರು ಅದನ್ನು ಕೆಳಗಿಡಲಿಲ್ಲ. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ಈ ಹಗ್ಗ ಎಷ್ಟಾದೀತು ಎಂದು ಕೇಳಿದರು. ಒದ್ದೆ ರಸ್ತೆಯಲ್ಲಿ ಹಿಡಿತ ಅರ್ಧಕ್ಕಿಳಿದರೆ ಬಿಳಿ ಹಾಗೆಯೇ ಉಳಿಯುತ್ತದೆ, ಕೆಂಪು ಇಮ್ಮಡಿಯಾಗುತ್ತದೆ ಎಂದು ಹಲಗೆಯ ಹುಡುಗ ವಿವರಿಸಿದ. ಹಿರಿಯರಿಗೆ ಹಲಗೆ ಬೇಕಾಗಿರಲಿಲ್ಲ. ನಡೆದು ತೋರಿಸಿ ಎಂದರು. ನಲವತ್ತೈದರಲ್ಲಿ ಹಗ್ಗ ಮುಗಿಯಿತು. ಮಂಜನ ಪಾತ್ರದ ಹುಡುಗ ಅದರ ತುದಿಯನ್ನು ನೆಲದ ಮೇಲಿಟ್ಟು, ಎಣಿಸುತ್ತ ಮುಂದೆ ನಡೆದ. ಹಿರಿಯರು ಅವನ ಹಿಂದೆ ನಡೆದರು. ಎಪ್ಪತ್ತೆರಡಕ್ಕೆ ಅವರಿಬ್ಬರೂ ಮೈದಾನದ ಬೇಲಿಯನ್ನು ದಾಟಿ, ಆಚೆಯ ಶಾಲೆಯ ಗೇಟಿನ ಮುಂದೆ ನಿಂತಿದ್ದರು.